ತಳ ಕಾಣದೆ ಡಬ್ಬ ತುಂಬಿಸಬೇಡಿ

ಮೈಸೂರಿನಲ್ಲಿ ನಮ್ಮದೊಂದು ಚಿಕ್ಕ ಅಂಗಡಿ. ಗಿರಾಕಿಗಳು ಮನೆಯಿಂದ ಡಬ್ಬ, ಬಟ್ಟೆಚೀಲ ತಂದು ಅಕ್ಕಿ, ಬೇಳೆ, ಕಾಳು, ಬಟ್ಟೆ ಒಗೆಯುವ ಲಿಕ್ವಿಡ್ ತುಂಬಿಸಿಕೊಂಡು ಹೋಗುತ್ತಾರೆ. ಇಂಥ ಅಂಗಡಿ ಇಡಬೇಕು ಅಂತ ಬರುವವರು ಮೊದಲು ಕೇಳುವುದು ಡಬ್ಬ ಎಲ್ಲಿ ಸಿಗುತ್ತೆ, ಎಷ್ಟಾಗುತ್ತೆ ಅಂತ. ಡಬ್ಬ ಯಾವುದಾದರೂ ಆಗುತ್ತದೆ, ಮುಚ್ಚಳ ಬಿಗಿಯಾಗಿದ್ದು ಒಳಗೆ ಮೂಲೆ ಕಮ್ಮಿ ಇದ್ದರೆ ಸಾಕು. ಆದರೆ ಹಳೆಯದು ಪೂರ್ತಿ ಖಾಲಿಯಾಗದೆ ಅದರ ಮೇಲೆ ಹೊಸದನ್ನು ಸುರಿಯಲೇಬಾರದು.

ಹೆಸರುಕಾಳನ್ನೇ ತಗೊಳ್ಳಿ. ಡಬ್ಬದಲ್ಲಿ ಎರಡು ಕೆಜಿ ಉಳಿದಿರುವಾಗ ಹೊಸ ಚೀಲ ಬಂತು, ಮೇಲೆ ಸುರಿದಿರಿ. ಸೌಟು ಹಾಕಿ ತೆಗೆಯುವಾಗ ಖರ್ಚಾಗುವುದು ಮೇಲಿನ ಹೊಸ ಕಾಳು. ತಳದ ಎರಡು ಕೆಜಿ ತಿಂಗಳುಗಟ್ಟಲೆ ಅಲ್ಲೇ ಕೂತಿರುತ್ತದೆ. ಕಾಳಿನ ಹುಳು ನಮ್ಮ ಸೆಕೆಯಲ್ಲಿ ಮೊಟ್ಟೆಯಿಂದ ಹುಳುವಾಗಿ ಹೊರಬರಲು ಮೂರು-ನಾಲ್ಕು ವಾರ ಸಾಕು. ಒಂದೊಂದು ಹೆಣ್ಣು ನೂರರ ಹತ್ತಿರ ಮೊಟ್ಟೆ ಇಡಬಲ್ಲದು. ಹೀಗೆ ತಳದ ಕಾಳಿನಿಂದ ಎದ್ದ ಹುಳು ಹೊಸ ಚೀಲವನ್ನೂ ಹಾಳುಮಾಡುತ್ತದೆ.

ಇದನ್ನು ಮೊದಲೇ ಕಂಡುಹಿಡಿಯಬಹುದು. ಒಂದು ಹಿಡಿ ಕಾಳನ್ನು ಬೆಳಕಿಗೆ ಹಿಡಿದು ನೋಡಿ. ಹಸಿರು ಸಿಪ್ಪೆಯ ಮೇಲೆ ಉಗುರಿನಿಂದ ಕೆರೆದರೂ ಸುಲಭಕ್ಕೆ ಬಿಡದ ಬಿಳಿ ಚುಕ್ಕೆ ಅಂಟಿಕೊಂಡಿದ್ದರೆ ಅದು ಮೊಟ್ಟೆ. ದುಂಡಗೆ ಕೊರೆದ ತೂತು ಕಂಡರೆ ಹುಳು ಆಗಲೇ ಹೊರಗೆ ಬಂದಿದೆ ಅಂತ ಅರ್ಥ. ಅಕ್ಕಿಯಲ್ಲಿ ಹೀಗೆ ಕಾಣುವುದಿಲ್ಲ, ಅಕ್ಕಿಹುಳು ಮೊಟ್ಟೆಯನ್ನು ಕಾಳಿನ ಒಳಗೇ ಇಡುತ್ತದೆ. ತಳದಲ್ಲಿ ಹಿಟ್ಟಿನಂಥ ಧೂಳು ಕೂರತೊಡಗಿದರೆ ಅನುಮಾನಪಡಬೇಕು.

ಅದಕ್ಕೆ ನಾವು ಒಂದು ಸಾಮಾನಿಗೆ ಎರಡು ಡಬ್ಬ ಇಟ್ಟಿದ್ದೇವೆ. ಒಂದು ಮಾರಾಟದಲ್ಲಿದ್ದಾಗ ಇನ್ನೊಂದು ತೊಳೆದು ಒಣಗಿರುತ್ತದೆ. ಡಬ್ಬ ಖಾಲಿಯಾದ ಮೇಲೆ ಮೂಲೆ, ಮುಚ್ಚಳದ ಸಂದುಗಳನ್ನು ಒಣ ಬ್ರಶ್ಶಿನಲ್ಲಿ ಕೆದಕಿ, ಸೋಪುನೀರಿನಲ್ಲಿ ತೊಳೆದು, ಒಂದು ಇಡೀ ದಿನ ಬಿಸಿಲಿಗೆ ಇಡುತ್ತೇವೆ. ಒಳಗೆ ಚೂರು ತೇವ ಉಳಿದರೂ ಬೂಷ್ಟು ಗ್ಯಾರಂಟಿ. ಡಬ್ಬದ ಮೇಲೆ ಚೀಲ ಬಂದ ತಾರೀಖಿನ ಚೀಟಿ ಇರುತ್ತದೆ. ಮೂರು ವಾರದಲ್ಲಿ ಮುಗಿಯುವಷ್ಟೇ ತರಿಸುತ್ತೇವೆ. ಇಪ್ಪತ್ತೈದು ಕೆಜಿ ಚೀಲ ತಗೊಂಡರೆ ದರ ಕಮ್ಮಿ ನಿಜ, ಆದರೆ ನಿಧಾನಕ್ಕೆ ಹೋಗುವ ಹುರುಳಿಗೆ ಆ ಲಾಭ ಹುಳು ತಿಂದು ಹೋಗುತ್ತದೆ. ಹುಳು ಕಂಡ ಡಬ್ಬವನ್ನು ಕೂಡಲೇ ಅಂಗಡಿಯಿಂದ ಆಚೆ ಒಯ್ಯಬೇಕು. ಜರಡಿ ಹಿಡಿದು ಮತ್ತೆ ಮಾರಬಾರದು, ಮೊಟ್ಟೆ ಜರಡಿಗೆ ಸಿಗುವುದಿಲ್ಲ. ಕಾಳಿಗೆ ಇಡುವ ಗುಳಿಗೆಯನ್ನಂತೂ ಮುಟ್ಟಲೇಬೇಡಿ. ಅದರಿಂದ ಬರುವ ಅನಿಲ ಮುಚ್ಚಿದ ಕೋಣೆಯಲ್ಲಿ ಜೀವ ತೆಗೆಯುತ್ತದೆ.

ಎಣ್ಣೆಗೆ ಮೊದಲು ಕಾನೂನು ತಿಳಿದಿರಬೇಕು. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಆರ್ಜಿಮೋನ್ ಎಂಬ ಮುಳ್ಳುಗಿಡದ ಬೀಜದೆಣ್ಣೆ ಬೆರೆತು ಜನ ಸತ್ತಿದ್ದರು. ಈಗ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಫ್‌ಎಸ್‌ಎಸ್‌ಎಐ ನಿಯಮದ ಪ್ರಕಾರ, ರಾಜ್ಯ ಸರ್ಕಾರ ವಿನಾಯಿತಿ ಕೊಟ್ಟ ಹೊರತು, ಅಡುಗೆ ಎಣ್ಣೆಯನ್ನು ಬಿಡಿಯಾಗಿ ಅಳೆದು ಮಾರುವಂತಿಲ್ಲ. ಪೀಪಾಯಿಗೆ ನಲ್ಲಿ ಹಾಕಿ ಗಿರಾಕಿಯ ಬಾಟಲಿ ತುಂಬಿಸುವುದು ನೋಡಲು ಚೆಂದ, ಆದರೆ ಆ ದಾರಿ ನಮಗಿಲ್ಲ. ನಾವು ಮಾಡುವುದು ಅದಲುಬದಲು. ಪರವಾನಗಿ ಇರುವ ಗಾಣದವರೇ ಗಾಜಿನ ಬಾಟಲಿಗೆ ತುಂಬಿ, ಸೀಲ್ ಮಾಡಿ, ಲೇಬಲ್ ಹಚ್ಚಿ ಕಳಿಸುತ್ತಾರೆ. ಗಿರಾಕಿ ಡಿಪಾಸಿಟ್ ಕೊಟ್ಟು ಒಯ್ದು, ಖಾಲಿ ಬಾಟಲಿ ವಾಪಸ್ ತರುತ್ತಾರೆ. ಇಲ್ಲಿಯೂ ಪ್ಲಾಸ್ಟಿಕ್ ಕವರ್ ಬೇಕಾಗುವುದಿಲ್ಲ.

ಹಳೆಯದರ ಮೇಲೆ ಹೊಸದು ಬೀಳಬಾರದು ಅನ್ನುವುದು ಎಣ್ಣೆ ಬಾಟಲಿಗೂ ಅನ್ವಯಿಸುತ್ತದೆ. ಬಾಟಲಿಯ ಗೋಡೆಗೆ ಅಂಟಿದ ಹಳೆ ಎಣ್ಣೆ ಗಾಳಿಗೆ ಕೆಟ್ಟಿರುತ್ತದೆ, ಅದರ ಮೇಲೆ ಹೊಸದು ಬಿದ್ದರೆ ಹೊಸದೂ ಬೇಗ ಕಮಟಾಗುತ್ತದೆ. ಬಾಟಲಿ ವಾಪಸ್ ಬಂದ ಕೂಡಲೇ ಮುಚ್ಚಳ ತೆಗೆದು ಮೂಸುತ್ತೇನೆ. ಹಳೇ ಪೇಂಟಿನಂಥ ವಾಸನೆ ಇದ್ದರೆ ಬೇರೆ ಬುಟ್ಟಿಗೆ. ಅವನ್ನು ಸೋಪು ಹಾಕಿದ ಬಿಸಿನೀರಿನಲ್ಲಿ ಎರಡು ಸಲ ಉಜ್ಜಿ, ಬೋರಲು ಹಾಕಿ ನೀರು ಬಸಿದು ಒಣಗಿಸಬೇಕು. ಆಮೇಲೂ ವಾಸನೆ ಹೋಗದಿದ್ದರೆ ಅದು ಎಣ್ಣೆಗಲ್ಲ.

ಸೋಪಿನ ಲಿಕ್ವಿಡ್ಡನ್ನು ಅಂಗಡಿಯ ಇನ್ನೊಂದು ತುದಿಯಲ್ಲಿ, ಕೆಳಗಿನ ಹಲಗೆಯಲ್ಲಿ ಇಟ್ಟಿದ್ದೇವೆ. ಅಕ್ಕಿ, ಹಿಟ್ಟು ಪರಿಮಳವನ್ನು ಹೀರಿಕೊಳ್ಳುತ್ತವೆ. ಒಮ್ಮೆ ಹಿಡಿದರೆ ಅನ್ನದಲ್ಲೂ ಗೊತ್ತಾಗುತ್ತದೆ. ಆಲಿಕೆ, ಮಗ್, ಒರೆಸುವ ಬಟ್ಟೆ ಎಲ್ಲ ನೀಲಿ ಬಣ್ಣದವು, ಅವು ಕಾಳಿನ ಕಡೆಗೆ ಬರುವಂತಿಲ್ಲ. ಲಿಕ್ವಿಡ್ ಕೊಟ್ಟ ಕೈಯನ್ನು ತೊಳೆದು ಒರೆಸಿಕೊಂಡೇ ಬೇಳೆ ಅಳೆಯಬೇಕು. ಟಾಯ್ಲೆಟ್ಟಿಗೆ ಹಾಕುವ ಆಸಿಡ್, ಬ್ಲೀಚು ನಾವು ತುಂಬಿಸಿಕೊಡುವುದೇ ಇಲ್ಲ. ಒಂದರ ಬಾಟಲಿಗೆ ಇನ್ನೊಂದು ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ.

ಗಿರಾಕಿ ತರುವ ಬಾಟಲಿಯ ಬಗ್ಗೆ ಮಾತ್ರ ಸ್ವಲ್ಪ ನಿಷ್ಠುರ ಆಗಬೇಕಾಗುತ್ತದೆ. ಒಳಗೆ ನೀರಿದ್ದರೆ ಲಿಕ್ವಿಡ್ ತೆಳ್ಳಗಾಗಿ, ಕೆಲವು ದಿನಕ್ಕೆ ಹುಳಿ ನಾತ ಹಿಡಿಯಬಹುದು. "ಅಕ್ಕಾ, ಇದು ಒಣಗಿಲ್ಲ, ಇವತ್ತಿಗೆ ನಮ್ಮ ಬಾಟಲಿ ಒಯ್ಯಿರಿ" ಅನ್ನುತ್ತೇನೆ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಕುಡಿಯುವ ನೀರಿನ ಅಥವಾ ಜ್ಯೂಸಿನ ಬಾಟಲಿ ತಂದರೆ, ಅದು ಎಷ್ಟೇ ಒಣಗಿದ್ದರೂ, ತುಂಬಿಸುವುದಿಲ್ಲ. ಬಣ್ಣದ ನೀರು ಕಂಡರೆ ಮನೆಯ ಮಕ್ಕಳು ಎತ್ತಿ ಕುಡಿದುಬಿಡುತ್ತಾರೆ.