ಬ್ಯೂನಸ್ ಐರಿಸ್‌ನಲ್ಲಿ 'ತೂ' ಇಲ್ಲ, 'ವೋಸ್' ಇದೆ

ಸ್ಪ್ಯಾನಿಷ್ ಪಠ್ಯಪುಸ್ತಕಗಳು 'ನೀನು' ಎನ್ನಲು 'ತೂ' ಕಲಿಸಿ, 'ವೋಸ್' ಅನ್ನು ಅಡಿಟಿಪ್ಪಣಿಗೆ ತಳ್ಳುವುದು ನನಗೆ ಬೇಸರದ ಸಂಗತಿ. ಅರ್ಜೆಂಟೀನಾ, ಉರುಗ್ವೆಗಳಲ್ಲಿ ಟಿವಿ, ಜಾಹೀರಾತು, ಸ್ನೇಹಿತರ ಮಾತು ಎಲ್ಲದರಲ್ಲೂ 'ನೀನು' ಎಂದರೆ ಬಹುಮಟ್ಟಿಗೆ ಇದೇ.

ಕ್ರಿಯಾಪದ ಕಷ್ಟವಲ್ಲ, 'ತೂ' ರೂಪಕ್ಕಿಂತ ಸುಲಭವೇ. 'ಹೊಂದಿರು' ಎಂಬರ್ಥದ ಮೂಲರೂಪ 'ತೆನೇರ್' ತಗೊಳ್ಳಿ. ಕೊನೆಯ 'ರ್' ತೆಗೆದು 'ಸ್' ಹಾಕಿ, ಒತ್ತು ಕೊನೆಯ ಸ್ವರದ ಮೇಲೇ ಇರಲಿ: 'ವೋಸ್ ತೆನೇಸ್'. 'ತೂ' ಜೊತೆ ಇದೇ ಪದ 'ತ್ಯೇನೆಸ್' ಆಗುತ್ತದೆ, ನಡುವಿನ ಸ್ವರ ಒಡೆಯುತ್ತದೆ. 'ವೋಸ್'ನಲ್ಲಿ ಒತ್ತು ಕೊನೆಗೆ ಹೋಗುವುದರಿಂದ ಆ ಒಡೆತವೇ ಇಲ್ಲ. 'ಪೊದೇರ್' ಹಾಗೆಯೇ 'ಪೊದೇಸ್'. 'ಆಗಿರು' ಎಂಬ 'ಸೇರ್' ಹೀಗಲ್ಲ, 'ಸೋಸ್' ಆಗುತ್ತದೆ, ಅದನ್ನು ಬಾಯಿಪಾಠ ಮಾಡಬೇಕು. ಆಜ್ಞೆಗೆ 'ರ್' ಬಿಟ್ಟರೆ ಸಾಕು: 'ವೆನೀರ್' ಇಂದ 'ವೆನೀ', ಅಂದರೆ ಬಾ. 'ಹೋಗು' ಎನ್ನಲು ಮಾತ್ರ 'ಆಂದಾ'.

ಕಲಿಯುವವರು ಎಡವುವುದು ಬೆರಕೆಯಲ್ಲಿ. 'ವೋಸ್ ತ್ಯೇನೆಸ್' ಎಂದರೆ ಅಲ್ಲಿನ ಕಿವಿಗೆ ಕೂಡಲೇ ಗೊತ್ತಾಗುತ್ತದೆ. 'ನಿನ್ನ ಜೊತೆ' ಅನ್ನಲು 'ಕೊಂತೀಗೊ' ಬೇಡ, 'ಕೊನ್ ವೋಸ್'. ಆದರೆ 'ನಿನಗೆ, ನಿನ್ನನ್ನು' ಎಂಬ 'ತೆ' ಮತ್ತು 'ನಿನ್ನ' ಎಂಬ 'ತು' ಬದಲಾಗುವುದಿಲ್ಲ.

ಹಿರಿಯರಿಗೆ, ಕಚೇರಿಯಲ್ಲಿ ಅಪರಿಚಿತರಿಗೆ 'ಉಸ್ತೇದ್' ಇದ್ದೇ ಇದೆ, ನಮ್ಮ 'ನೀವು' ಹಾಗೆ. ಮೆಕ್ಸಿಕೊ ನಗರಕ್ಕೋ ಮ್ಯಾಡ್ರಿಡ್‌ಗೋ ಹೋಗುವವರಿಗೆ 'ವೋಸ್' ಕೇಳಿದರೆ ಗುರುತಿಸುವಷ್ಟು ಸಾಕು. ಚಿಲಿಯ 'ತೂ ತೆನೀಸ್' ಬೇರೆಯದೇ ಬಗೆ, ಆಪ್ತರ ನಡುವಿನದು. ಹೊಸಬರು ಅದನ್ನು ಅರ್ಥಮಾಡಿಕೊಂಡರೆ ಸಾಕು, ಆಡಲು ಹೋಗಬೇಡಿ.