ಸ್ಟೋರಿ ಜಾಹೀರಾತಿನ ತಳದ ಐದರಲ್ಲೊಂದು ಪಾಲು ನಮ್ಮದಲ್ಲ

ಇನ್‌ಸ್ಟಾಗ್ರಾಂ ಸ್ಟೋರಿ ಜಾಹೀರಾತುಗಳು ಪ್ರಕಟವಾಗುವ ಮುನ್ನ ಅವುಗಳ ವಿನ್ಯಾಸವನ್ನು ಪರಿಶೀಲಿಸುವುದು ನನ್ನ ಕೆಲಸದ ಒಂದು ಭಾಗ. ಕಂಪ್ಯೂಟರಿನಲ್ಲಿ ಎಲ್ಲವೂ ಅಚ್ಚುಕಟ್ಟಾಗಿಯೇ ಕಾಣುತ್ತದೆ. ಅದೇ ಚಿತ್ರ ಫೋನಿಗೆ ಹೋದಾಗ ಮೇಲ್ತುದಿಯಲ್ಲಿ ಸಮಯ ತೋರಿಸುವ ಗೆರೆ, ಖಾತೆಯ ಹೆಸರು, ಪ್ರಾಯೋಜಿತ ಎಂಬ ಸೂಚನೆ ಬಂದು ಕೂರುತ್ತವೆ. ಕೆಳತುದಿಯಲ್ಲಿ ಆ್ಯಪ್‌ನದೇ ಬಟನ್. ಇವು ಯಾವುವೂ ನಮ್ಮ ಫೈಲಿನಲ್ಲಿ ಇರುವುದಿಲ್ಲವಾದ್ದರಿಂದ ವಿನ್ಯಾಸ ಮಾಡುವವರ ಕಣ್ಣಿಗೂ ಬೀಳುವುದಿಲ್ಲ.

ಇನ್‌ಸ್ಟಾಗ್ರಾಂ ಸ್ಟೋರಿಯ ಅಳತೆ 1080 × 1920 ಪಿಕ್ಸೆಲ್. ಅದರಲ್ಲಿ ಮೇಲಿನ ಶೇ. 14, ಕೆಳಗಿನ ಶೇ. 20 ಭಾಗದಲ್ಲಿ ಅಕ್ಷರ, ಲೋಗೋ ಇಡಬೇಡಿ ಎಂಬುದು ಮೆಟಾ ಕಂಪನಿಯ ಸಲಹೆ. ಲೆಕ್ಕ ಹಾಕಿದರೆ ಮೇಲೆ ಸುಮಾರು 270, ಕೆಳಗೆ 384 ಪಿಕ್ಸೆಲ್ ಬಿಡಬೇಕಾಗುತ್ತದೆ. ಅದೇ ಫೈಲನ್ನು ರೀಲ್ಸ್‌ಗೂ ಬಳಸುವುದಾದರೆ ಕೆಳಗೆ ಬಿಡಬೇಕಾದದ್ದು ಶೇ. 35, ಅಂದರೆ 672 ಪಿಕ್ಸೆಲ್. ಅಲ್ಲಿ ಜಾಹೀರಾತಿನ ವಿವರಣೆಯ ಸಾಲುಗಳೂ ಬರುತ್ತವೆ. ಎಡಬಲಗಳಲ್ಲಿ ಶೇ. 6ರಷ್ಟು ಅಂಚು ಬೇರೆ. ಕೊನೆಗೆ ಅಕ್ಷರಕ್ಕೆ ಸುರಕ್ಷಿತ ವಲಯವಾಗಿ ಉಳಿಯುವುದು ಹೆಚ್ಚುಕಡಿಮೆ 950 × 978ರ ಒಂದು ಚೌಕ. ಇಷ್ಟುದ್ದದ ಪರದೆ ಸಿಕ್ಕಿದೆ ಎಂದು ಹಿಗ್ಗಿದವರಿಗೆ ಈ ಚೌಕ ನಿರಾಸೆ ತರುವುದು ಸಹಜ.

ಒಂದು ತರಬೇತಿ ಕೋರ್ಸಿನ ಜಾಹೀರಾತನ್ನು ತೆಗೆದುಕೊಳ್ಳಿ. ಮೇಲಿನಿಂದ 130ನೇ ಪಿಕ್ಸೆಲ್‌ನಲ್ಲಿ ಲೋಗೋ, 420ರಿಂದ ಮೂರು ಸಾಲಿನ ಶೀರ್ಷಿಕೆ, ನಡುವೆ ಶಿಕ್ಷಕಿಯ ಚಿತ್ರ, 1460ರಲ್ಲಿ ನೋಂದಣಿಯ ಕೊನೆಯ ದಿನಾಂಕ, 1600ರಲ್ಲಿ ‘ಈಗಲೇ ಸೇರಿ’ ಎಂದು ಬರೆದ ಹಸಿರು ಬಟನ್. ಸ್ಟೋರಿಯಲ್ಲಿ ಲೋಗೋ ಖಾತೆಯ ಹೆಸರಿನಡಿ ಸಿಕ್ಕಿಕೊಳ್ಳುತ್ತದೆ, ದಿನಾಂಕ ಕೂದಲೆಳೆಯಲ್ಲಿ ಪಾರಾಗುತ್ತದೆ. ರೀಲ್ಸ್‌ನಲ್ಲಿ ಅದೂ ಹೋಯಿತು. ಜನ ಯಾವಾಗ ಸೇರಬೇಕು ಎಂಬುದನ್ನೇ ತಿಳಿಸದ ಜಾಹೀರಾತಿಗೆ ಹಣ ಕಟ್ಟಿದಂತಾಯಿತು.

ಇದನ್ನು ಸರಿಪಡಿಸುವಾಗ ನಾನು ಎಲ್ಲವನ್ನೂ ಕುಗ್ಗಿಸಿ ನಡುವೆ ತುರುಕಲು ಹೇಳುವುದಿಲ್ಲ. ಲೋಗೋ 290ಕ್ಕೆ ಇಳಿಯಲಿ. ಶೀರ್ಷಿಕೆ ಎರಡು ಸಾಲಿಗೆ ಬರಲಿ, ಅದರ ಬೆನ್ನಿಗೇ ದಿನಾಂಕ ಇರಲಿ. ಎರಡೂ 800ರೊಳಗೆ ಮುಗಿಯುತ್ತವೆ. ಶಿಕ್ಷಕಿಯ ಮುಖ 840ರಿಂದ 1230ರ ನಡುವೆ. ಅದರ ಕೆಳಗೆ ಅವರ ಕೈ, ಮೇಜು, ಪುಸ್ತಕಗಳು 1920ರವರೆಗೂ ಹರಡಿಕೊಳ್ಳಲಿ. ಸುರಕ್ಷಿತ ವಲಯ ಎಂದರೆ ಉಳಿದ ಜಾಗವನ್ನು ಖಾಲಿ ಪಟ್ಟಿಯಾಗಿ ಬಿಡಬೇಕು ಎಂದು ಕೆಲವರು ತಿಳಿಯುತ್ತಾರೆ. ಹಾಗೆ ಬಿಟ್ಟರೆ ಜಾಹೀರಾತು ತುಂಡಾಗಿ ಕಾಣುತ್ತದೆ. ಮುಚ್ಚಿಹೋದರೂ ನಷ್ಟವಿಲ್ಲದ ಚಿತ್ರಭಾಗ ಅಲ್ಲಿರಬೇಕು, ಅಷ್ಟೇ.

ಹಸಿರು ಬಟನ್ ಎಲ್ಲಿಗೆ ಹೋಯಿತು? ಅದನ್ನು ಅಳಿಸಿಯೇಬಿಟ್ಟೆವು. ಚಿತ್ರದಲ್ಲಿ ಬಿಡಿಸಿದ ಬಟನ್ ಕೆಲಸ ಮಾಡುವುದಿಲ್ಲ ಎಂಬುದು ಸಣ್ಣ ದೂರು. ಸ್ಟೋರಿಯ ಬಲಭಾಗವನ್ನು ಮುಟ್ಟಿದರೆ ಮುಂದಿನದು ತೆರೆದುಕೊಳ್ಳುತ್ತದೆ. ಆಸಕ್ತಿಯಿಂದ ನಮ್ಮ ಬಟನ್ ಒತ್ತಿದವರನ್ನು ನಾವೇ ಆಚೆ ಕಳುಹಿಸಿದ ಹಾಗೆ! ನಿಜವಾದ ಬಟನ್ ಆ್ಯಪ್ ಕೊಡುತ್ತದೆ. ನಾವು ಅದರ ಮೇಲುಗಡೆ ಏನನ್ನೂ ಕಿಕ್ಕಿರಿಸದೆ ಬಿಟ್ಟರೆ ಸಾಕು.

ಅಳತೆಯನ್ನು ಹಿಡಿದು ಕೆಲಸ ಮಾಡುವವರೂ ಎಡವುವ ಜಾಗ ಒಂದಿದೆ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಅಕ್ಷರದ ಪಾದವನ್ನು ಗಡಿಗೆರೆಗೆ ತಾಗಿಸಿ ಕೂರಿಸಿದರೆ ಒತ್ತುಗಳು ಗೆರೆ ದಾಟಿರುತ್ತವೆ. ಕೊನೆಯ ಸಾಲಿನ ಒತ್ತು ಎಲ್ಲಿ ಮುಗಿಯುತ್ತದೋ ಅಲ್ಲಿಂದ ಅಳೆಯಬೇಕು. ವಿಡಿಯೊದಲ್ಲಿ ಅಕ್ಷರ ಕೆಳಗಿನಿಂದ ತೇಲಿ ಬರುವುದಿದ್ದರೆ, ಅದನ್ನು ಓದಬೇಕಾದ ಹೊತ್ತಿಗೆ ಅದು ವಲಯದೊಳಗೆ ಬಂದು ನಿಂತಿರಬೇಕು. ಒಂದು ನಿಶ್ಚಲ ಚಿತ್ರವನ್ನು ನೋಡಿ ಒಪ್ಪಿಗೆ ಕೊಟ್ಟರೆ ಇದು ತಪ್ಪಿಹೋಗುತ್ತದೆ.

ನಮ್ಮ ಮೂಲ ಫೈಲಿನಲ್ಲಿ ನಿಷಿದ್ಧ ಭಾಗಗಳಿಗೆ ಅರೆಪಾರದರ್ಶಕ ಕೆಂಪು ಬಳಿದ ಒಂದು ಪದರ ಇದೆ. ಅದಕ್ಕೆ ಬೀಗ ಹಾಕಿದ್ದೇವೆ. ಫೈಲನ್ನು ಹೊರತೆಗೆಯುವ ಮುನ್ನ ಅದನ್ನು ಮರೆಮಾಡಲೇಬೇಕು, ಇಲ್ಲವಾದರೆ ಕೆಂಪು ಪಟ್ಟಿಯೂ ಗ್ರಾಹಕರ ಕೈಸೇರುತ್ತದೆ. ಲೋಗೋ ಇನ್ನಷ್ಟು ಮೇಲಕ್ಕೆ ಹೋಗಲಿ ಎಂದು ಅವರು ಹಟ ಹಿಡಿದಾಗ ನಾನು ವಾದಕ್ಕೆ ಇಳಿಯುವುದಿಲ್ಲ. ಜಾಹೀರಾತುಗಳನ್ನು ನಿರ್ವಹಿಸುವ ಮೆಟಾದ ಆ್ಯಡ್ಸ್ ಮ್ಯಾನೇಜರ್‌ನಿಂದ ಅದರ ಮುನ್ನೋಟವನ್ನು ಫೋನಿಗೆ ತರಿಸಿ ತೋರಿಸುತ್ತೇನೆ.

ಆ ಮುನ್ನೋಟವನ್ನು ಒಂದೇ ಫೋನಿನಲ್ಲಿ ನೋಡಿದರೆ ಸಾಲದು. ಈಗಿನ ಉದ್ದನೆಯ ಫೋನುಗಳಲ್ಲಿ ಚಿತ್ರದ ಆಚೆಗೂ ಒಂದಿಷ್ಟು ಜಾಗ ಉಳಿಯುವುದರಿಂದ ತಪ್ಪುಗಳು ಕೆಲವೊಮ್ಮೆ ಅಡಗಿಕೊಳ್ಳುತ್ತವೆ. ಪರದೆಯೇ 16:9 ಇರುವ ಹಳೆಯ ಫೋನಿನಲ್ಲಿ ಆ್ಯಪ್‌ನ ಗುರುತುಗಳೆಲ್ಲ ಚಿತ್ರದ ಮೇಲೆಯೇ ಕೂರಬೇಕಾಗುತ್ತದೆ. ಅಂಥ ಒಂದು ಫೋನನ್ನು ಪರಿಶೀಲನೆಗೆಂದೇ ಮೇಜಿನ ಮೇಲೆ ಇಟ್ಟುಕೊಂಡಿದ್ದೇವೆ. ರೀಲ್ಸ್‌ನ ಚೌಕ ತೀರಾ ಇಕ್ಕಟ್ಟಾದರೆ ಆ್ಯಡ್ಸ್ ಮ್ಯಾನೇಜರ್‌ನಲ್ಲಿ ಸ್ಟೋರಿಗೊಂದು, ರೀಲ್ಸ್‌ಗೊಂದು ಬೇರೆ ಬೇರೆ ಫೈಲ್ ಹಾಕಲು ಅವಕಾಶವಿದೆ. ದಿನಾಂಕ, ಷರತ್ತು ಎಂದು ನಾಲ್ಕಾರು ಸಾಲು ಇರುವ ಜಾಹೀರಾತುಗಳಿಗೆ ನಾನು ಮೊದಲಿನಿಂದಲೇ ಎರಡು ಫೈಲ್ ಕೇಳುತ್ತೇನೆ.