ಊಟಕ್ಕೆ ಮುಂಚಿನ ಕಲಸು

ಮಳೆಗಾಲದಲ್ಲಿ ಬೆಳಿಗ್ಗೆ ಬೇಗ ಶುರು ಮಾಡಿದರೆ ಸಾಕು, ಸಂಜೆ ಕಳೆದುಹೋಗುವ ಬೆಳಕು ಸರಿಹೋಗುತ್ತದೆ ಎಂದು ನಾನು ಲೆಕ್ಕ ಹಾಕಿದ್ದೆ. ಕಟ್ಟಡ ಕೆಲಸದ ಮೇಲ್ವಿಚಾರಕನಾಗಿ ಅದು ನನ್ನ ಮೊದಲ ಮಳೆಗಾಲ. ಒಂಬತ್ತರ ಬದಲು ಎಂಟಕ್ಕೇ ಬನ್ನಿ ಎಂದು ಎಲ್ಲರಿಗೂ ಹೇಳಿದೆ. ನಾಲ್ವರು ಗಾರೆಯವರು, ಆರು ಮಂದಿ ಸಹಾಯಕರು. ಒಳಗೋಡೆಗಳ ಗಾರೆ ಕೆಲಸ ನಡೆಯುತ್ತಿತ್ತು, ಮೇಲೆ ತಾರಸಿಯ ಕೈಪಿಡಿ ಗೋಡೆಯ ಇಟ್ಟಿಗೆ ಕೆಲಸವೂ ಬಾಕಿ ಇತ್ತು.

ಎಂಟಕ್ಕೆ ಎಲ್ಲರೂ ಬಂದರು. ಗಾರೆಯವರು ಕರಣೆ ಹಿಡಿದು ಗೋಡೆಯ ಮುಂದೆ ನಿಂತರು. ಸಹಾಯಕರು ಹೊರಗೆ ನೆನೆದ ಮರಳನ್ನು ಜರಡಿಯ ಮೇಲೆ ಸುರಿದರು. ಅದು ಉಂಡೆಕಟ್ಟಿ ಅಲ್ಲೇ ಕುಳಿತಿತು. ಮೊದಲ ಬಾಣಲೆ ಗಾರೆ ಮಹಡಿಗೆ ಬರುವಷ್ಟರಲ್ಲಿ ಎಂಟೂ ಮುಕ್ಕಾಲು. ಒಬ್ಬೊಬ್ಬರಿಗೆ ಮುಕ್ಕಾಲು ಗಂಟೆ ಎಂದರೆ ಅಂಥ ದೊಡ್ಡದಲ್ಲ, ಆದರೆ ನಾಲ್ವರನ್ನು ಸೇರಿಸಿದರೆ ಗಾರೆಯವರ ಮೂರು ಗಂಟೆ. ಬೇಗ ಬರಹೇಳಿ ನಾನು ಗಳಿಸಿದ್ದು ನಿಂತು ನೋಡುವ ಹೊತ್ತನ್ನು ಮಾತ್ರ.

ಸಂಜೆಯದು ಇದಕ್ಕಿಂತ ಕೆಟ್ಟದ್ದು. ಬೇಸಿಗೆಯಲ್ಲಿ ಮಾಡುತ್ತಿದ್ದಂತೆ ಮೂರು ಗಂಟೆಗೆ ಗಾರೆಯ ಕೊನೆಯ ಕಲಸು ಹಾಕಿಸಿದೆ. ಗಾರೆ ಎರಚಿ, ಮಟ್ಟಗೋಲು ಎಳೆದು ಸಮ ಮಾಡುವಾಗ ನಾಲ್ಕಾಯಿತು. ಒಣಹವೆಯಲ್ಲಿ ಇನ್ನೊಂದು ಗಂಟೆಗೆ ಅದು ಬಿಗಿದು, ಉಜ್ಜಿ ನಯ ಮಾಡಲು ಒದಗುತ್ತಿತ್ತು. ಅಂದು ಹೊರಗೆ ಮಳೆ, ಒಳಗೆ ತೇವ. ಐದು ಗಂಟೆಗೆ ಬೆರಳಿಟ್ಟರೆ ಗುಳಿ ಬೀಳುತ್ತಿತ್ತು, ಗಾರೆ ಬೆರಳಿಗೇ ಅಂಟುತ್ತಿತ್ತು. ಕಿಟಕಿಯಲ್ಲಿ ಬೆಳಕು ಕುಂದತೊಡಗಿತು. ಯಾರೋ ಒಣ ಸಿಮೆಂಟ್ ಎರಚಿ ನೀರು ಹೀರಿಸಿದರು. ನಾನು ನೋಡಿದೆ, ಬೇಡವೆನ್ನಲಿಲ್ಲ. ಒಂದೇ ಬಲ್ಬಿನ ಬೆಳಕಿನಲ್ಲಿ ಗೋಡೆ ಕನ್ನಡಿಯಂತೆ ಕಂಡಿತು.

ಮರುದಿನ ಬೆಳಿಗ್ಗೆ ಕಿಟಕಿಯ ಬೆಳಕು ಗೋಡೆಯನ್ನು ಸವರಿಕೊಂಡು ಬಂದಾಗ ನಿಜ ಗೊತ್ತಾಯಿತು. ಬಲ್ಬು ಎದುರಿನಿಂದ ಬೆಳಗುತ್ತಿತ್ತು, ಹಾಗಾಗಿ ಉಬ್ಬುತಗ್ಗಿಗೆ ನೆರಳೇ ಇರಲಿಲ್ಲ. ಈಗ ಓರೆ ಬೆಳಕಿನಲ್ಲಿ ಗೋಡೆಯುದ್ದಕ್ಕೂ ಅಲೆಗಳು. ಕೆಲವು ದಿನಗಳಲ್ಲಿ ಸಿಮೆಂಟ್ ಎರಚಿದ ಕಡೆಯೆಲ್ಲ ಬಲೆಯಂತೆ ಕೂದಲೆಳೆ ಬಿರುಕುಗಳೂ ಎದ್ದವು. ಮೇಲಿನ ಪದರ ಒಳಗಿನದಕ್ಕಿಂತ ಗಟ್ಟಿಯಾಗಿ, ಹೆಚ್ಚು ಕುಗ್ಗಿತ್ತು. ಕೆತ್ತಿ ತೆಗೆಸಬೇಕಾಯಿತು.

ಹಿರಿಯ ಮೇಸ್ತ್ರಿ ಕೆತ್ತುವುದನ್ನು ನೋಡುತ್ತ ನಿಂತಿದ್ದರು. "ಮೇಸ್ತ್ರಿಯವರೇ, ಏನು ಮಾಡೋಣ?" ಎಂದೆ. "ನೀವು ಬೆಳಿಗ್ಗೆಯಿಂದ ಲೆಕ್ಕ ಹಾಕುತ್ತಿದ್ದೀರಿ ಸಾರ್. ಕತ್ತಲಿನಿಂದ ಹಿಂದಕ್ಕೆ ಹಾಕಿ" ಎಂದರು.

ಹಾಗೆಯೇ ಹಾಕಿದೆವು. ಮೋಡ ಕವಿದ ದಿನ ಒಳಗೆ ನಾಲ್ಕೂವರೆಯ ನಂತರ ಬೆಳಕನ್ನು ನಂಬುವಂತಿಲ್ಲ. ಆದ್ದರಿಂದ ನಾಲ್ಕಕ್ಕೆ ನಯ ಮಾಡುವುದು ಮುಗಿಯಬೇಕು, ಮೂರಕ್ಕೆ ಶುರುವಾಗಬೇಕು. ತೇವದ ಹವೆಯಲ್ಲಿ ಬಿಗಿಯಲು ಎರಡು ಗಂಟೆ ಹಿಡಿದರೆ ಒಂದಕ್ಕೆ ಗಾರೆ ಸಮವಾಗಿರಬೇಕು. ಎರಚಲು ಒಂದು ಗಂಟೆ. ಅಂದರೆ ಕೊನೆಯ ಕಲಸು ಹನ್ನೆರಡಕ್ಕೆ, ಊಟಕ್ಕೂ ಮುಂಚೆ! ಕಾಗದದ ಮೇಲೆ ಇದು ಸೋಮಾರಿತನದಂತೆ ಕಾಣುತ್ತದೆ. ಗುತ್ತಿಗೆದಾರರಿಗೂ ಹಾಗೆಯೇ ಕಂಡಿತು. ಕೆತ್ತಿದ ಗೋಡೆಯನ್ನು ತೋರಿಸಿದ ಮೇಲೆ ಸುಮ್ಮನಾದರು.

ಆದರೆ ಎರಚಿದ ಗೋಡೆ ಬಿಗಿಯುವವರೆಗೆ ನಾಲ್ವರೂ ಕಾಯುತ್ತ ಕುಳಿತರೆ ಆಗುವುದಿಲ್ಲ. ಇಬ್ಬರನ್ನು ಎಂಟರಿಂದ ಗಾರೆ ಎರಚಲು ಹಚ್ಚಿದೆ. ಉಳಿದಿಬ್ಬರು ತಾರಸಿಗೆ ಹೋದರು. ನಮ್ಮಲ್ಲಿ ಮಳೆ ಹೆಚ್ಚಾಗಿ ಮಧ್ಯಾಹ್ನ ಸುರಿಯುತ್ತಿದ್ದುದರಿಂದ ಇಟ್ಟಿಗೆಗೆ ಬೆಳಗಿನ ಹೊತ್ತೇ ಸಿಗುತ್ತಿದ್ದದ್ದು. ಹನ್ನೊಂದರ ಹೊತ್ತಿಗೆ ಅವರು ಹೊಸ ವರಸೆಗಳ ಮೇಲೆ ಟಾರ್ಪಾಲು ಹೊದೆಸಿ, ಗಾಳಿಗೆ ಹಾರದಂತೆ ಇಟ್ಟಿಗೆ ಹೇರಿ ಕೆಳಗಿಳಿಯುತ್ತಿದ್ದರು. ಅಷ್ಟರಲ್ಲಿ ಬೆಳಗಿನ ಮೊದಲ ಗೋಡೆ ಉಜ್ಜಲು ಸಿದ್ಧ.

ಸಹಾಯಕರ ಹೊತ್ತು ಮಾತ್ರ ಇದಕ್ಕೆ ತದ್ವಿರುದ್ಧ. ಮಧ್ಯಾಹ್ನ ಕಲಸು ನಿಂತ ಮೇಲೆ ಅವರ ಕೈ ಖಾಲಿ, ಬೆಳಿಗ್ಗೆ ಅವರಿಗಾಗಿ ಎಲ್ಲರೂ ಕಾಯುತ್ತಾರೆ. ಹೊದಿಕೆ ಹಾಕಿಟ್ಟಿದ್ದ ಮರಳನ್ನು ಮಧ್ಯಾಹ್ನವೇ ನೆಲಮಹಡಿಗೆ ತಂದು, ಮಳೆ ಸುರಿಯುತ್ತಿರುವಾಗ ಸೂರಿನಡಿ ಜರಡಿ ಹಿಡಿದು ರಾಶಿ ಹಾಕಿಸಿದೆ. ಮರುದಿನದ ಗೋಡೆಗೆ ಸಾರುವೆ ಕಟ್ಟುವುದು, ನೀರು ತುಂಬುವುದು ಎಲ್ಲವೂ ಆ ಹೊತ್ತಿಗೇ ಹೋಯಿತು. ಇಬ್ಬರು ಸಹಾಯಕರು ಏಳೂ ಮುಕ್ಕಾಲಿಗೆ ಬಂದು ಮೊದಲ ಕಲಸು ಹಾಕುತ್ತಿದ್ದರು, ಸಂಜೆ ಕಾಲು ಗಂಟೆ ಮುಂಚೆ ಹೊರಡುತ್ತಿದ್ದರು. ಸರದಿ ವಾರಕ್ಕೊಮ್ಮೆ ಬದಲು, ಇಲ್ಲದಿದ್ದರೆ ನಿದ್ದೆಗೆಡುವವರು ಯಾವಾಗಲೂ ಅವರಿಬ್ಬರೇ ಆಗುತ್ತಾರೆ.

ಈ ಏರ್ಪಾಡಿನಲ್ಲೂ ತಪ್ಪಿದ ದಿನಗಳಿವೆ. ಒಮ್ಮೆ ಮಳೆ ಒಂಬತ್ತಕ್ಕೇ ಹಿಡಿಯಿತು. ತಾರಸಿಯವರಿಬ್ಬರೂ ಬರಿಗೈಯಲ್ಲಿ ಇಳಿದರು. ಅವರಿಗೆಂದು ಒಳಗೆ ಒಂದು ಕೆಲಸ ಉಳಿಸಿಡಬೇಕೆಂದು ನನಗೆ ಹೊಳೆದಿರಲಿಲ್ಲ. ಅಂದಿನಿಂದ ಸ್ನಾನದ ಕೋಣೆಯ ಅಡ್ಡಗೋಡೆಯೊಂದನ್ನು ಬೇಕೆಂದೇ ಅರ್ಧಕ್ಕೆ ಬಿಟ್ಟಿದ್ದೆ. ಮಳೆಗಾಲ ಮುಗಿಯುವವರೆಗೂ ಅದು ಒಂದೊಂದೇ ವರಸೆ ಏರುತ್ತಿತ್ತು.